ತೆರಿಗೆ ಇಲ್ಲದ ಟೊಮೇಟೊ ಒಳಗೂ ತೆರಿಗೆ ಇದೆ

ಬಾಗೇಪಲ್ಲಿಯಿಂದ ಹೈದರಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಆಂಧ್ರದ ಗಡಿ ಹತ್ತಿರ ಬರುತ್ತಿದ್ದಂತೆ ಬಂಕ್‌ಗಳಲ್ಲಿ ಲಾರಿಗಳ ಸಾಲು ಕಾಣುತ್ತದೆ. ಟ್ಯಾಂಕ್ ತುಂಬಿಸಿಕೊಂಡೇ ಮುಂದೆ ಹೋಗುತ್ತಾರೆ, ಯಾಕಂದ್ರೆ ಗಡಿಯ ಕೊಡಿಕೊಂಡ ದಾಟಿದರೆ ಡೀಸೆಲ್ ರೇಟು ಜಾಸ್ತಿ. ಆ ಕಡೆಯಿಂದ ಬರುವವರೂ ಅಷ್ಟೇ, ಗಡಿ ದಾಟಿ ನಮ್ಮ ಕಡೆ ಬಂದ ಮೇಲೇ ಹಾಕಿಸುತ್ತಾರೆ. ಗೌರಿಬಿದನೂರು, ಪಾವಗಡ, ಮುಳಬಾಗಿಲು, ಎಲ್ಲೆಲ್ಲಿ ಆಂಧ್ರ ಪಕ್ಕದಲ್ಲಿದೆಯೋ ಅಲ್ಲೆಲ್ಲ ಇದೇ ಕಥೆ. ಅದೇ ಲಾರಿಯವರು ಸೋಪು, ಟೈರು, ಸಿಮೆಂಟ್ ಕೊಳ್ಳುವುದಕ್ಕೆ ಅಂತ ಗಡಿ ನೋಡುವುದಿಲ್ಲ. ಡೀಸೆಲ್‌ಗೆ ಮಾತ್ರ ಯಾಕೆ ಹೀಗೆ?

ತೆರಿಗೆ ಹಾಕುವುದಕ್ಕೆ ಎರಡು ದಾರಿ ಇವೆ. ತುಂಬಾ ವಸ್ತುಗಳ ಮೇಲೆ ಸ್ವಲ್ಪ ಸ್ವಲ್ಪ ಹಾಕಬಹುದು, ಇಲ್ಲವೇ ಕೆಲವೇ ವಸ್ತುಗಳ ಮೇಲೆ ಜಾಸ್ತಿ ಹಾಕಬಹುದು. ಡೀಸೆಲ್ ಎರಡನೇ ದಾರಿಯಲ್ಲಿ ಉಳಿದಿದೆ, ಸೋಪು ಮೊದಲನೇ ದಾರಿಗೆ ಬಂದಿದೆ. ಎರಡಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಲೆಕ್ಕದಲ್ಲಿ ಕಾಣುತ್ತದೆ.

ಚಿಕ್ಕಬಳ್ಳಾಪುರದ ಒಂದು ಹೋಟೆಲಿನಲ್ಲಿ ದಿನಕ್ಕೆ ನೂರು ಜನ ಇಡ್ಲಿ ತಿನ್ನುತ್ತಾರೆ, ಬೇರೆ ನೂರು ಜನ ವಡೆ ತಿನ್ನುತ್ತಾರೆ ಅಂತ ಇಟ್ಟುಕೊಳ್ಳಿ. ಬೆಲೆ ಒಂದು ರೂಪಾಯಿ ಏರಿದಾಗಲೆಲ್ಲ ಹತ್ತು ಜನ ತಿನ್ನುವುದು ಬಿಡುತ್ತಾರೆ ಅಂತಲೂ ಇಟ್ಟುಕೊಳ್ಳಿ. ಎರಡರ ಮೇಲೂ ಒಂದೊಂದು ರೂಪಾಯಿ ತೆರಿಗೆ ಹಾಕಿದರೆ 90 ಜನ ಇಡ್ಲಿಗೆ, 90 ಜನ ವಡೆಗೆ ಕೊಡುತ್ತಾರೆ. ಸರ್ಕಾರಕ್ಕೆ ₹180 ಬರುತ್ತದೆ. ಇಡ್ಲಿ ಬಡವರ ತಿಂಡಿ ಅಂತ ಅದನ್ನು ಬಿಟ್ಟು, ವಡೆ ಮೇಲೆ ಮಾತ್ರ ಎರಡು ರೂಪಾಯಿ ಹಾಕಿದರೆ 80 ಜನ ಉಳಿಯುತ್ತಾರೆ. ಬರುವುದು ₹160. ದರ ಎರಡು ಪಟ್ಟಾಯಿತು, ಹಣ ಮಾತ್ರ ಕಡಿಮೆಯಾಯಿತು.

ಇದು ಬೊಕ್ಕಸದ ಲೆಕ್ಕ. ತಿನ್ನುವುದು ಬಿಟ್ಟವರ ಲೆಕ್ಕ ಇದಕ್ಕಿಂತ ಮುಖ್ಯ. ಅವರಿಗೆ ವಡೆಯೂ ಸಿಗಲಿಲ್ಲ, ಸರ್ಕಾರಕ್ಕೆ ಅವರಿಂದ ಹಣವೂ ಬರಲಿಲ್ಲ. ಆ ನಷ್ಟ ಯಾರ ಜೇಬಿಗೂ ಹೋಗುವುದಿಲ್ಲ, ಸುಮ್ನೆ ಕಳೆದುಹೋಗುತ್ತದೆ. ಒಂದು ರೂಪಾಯಿ ತೆರಿಗೆಗೆ ಹತ್ತು ಜನ ಬಿಡುತ್ತಾರೆ. ಅವರಲ್ಲಿ ಒಬ್ಬರಿಗೆ ಹೆಚ್ಚುಕಡಿಮೆ ನಷ್ಟವೇ ಇಲ್ಲ, ಇನ್ನೊಬ್ಬರಿಗೆ ಪೂರ್ತಿ ರೂಪಾಯಿಯ ನಷ್ಟ, ಸರಾಸರಿ ಅರ್ಧ ರೂಪಾಯಿ. ಒಟ್ಟು ₹5. ಎರಡು ರೂಪಾಯಿ ತೆರಿಗೆಗೆ ಇಪ್ಪತ್ತು ಜನ ಬಿಡುತ್ತಾರೆ, ಸರಾಸರಿ ನಷ್ಟ ಒಂದು ರೂಪಾಯಿ. ಒಟ್ಟು ₹20. ದರ ಎರಡು ಪಟ್ಟಾದರೆ ಈ ನಷ್ಟ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಇಡ್ಲಿ, ವಡೆ ಎರಡಕ್ಕೂ ಒಂದೊಂದು ರೂಪಾಯಿ ಹಾಕಿದ್ದರೆ ಒಟ್ಟು ನಷ್ಟ ₹10ಕ್ಕೇ ನಿಲ್ಲುತ್ತಿತ್ತು.

ಬೆಲೆ ಏರಿದರೂ ಜನ ಕೊಳ್ಳುವುದು ಬಿಡದ ವಸ್ತುವಾದರೆ ಈ ನಷ್ಟ ಕಡಿಮೆ. ಸರ್ಕಾರಗಳಿಗೆ ಡೀಸೆಲ್ ಮೇಲೆ ಕಣ್ಣು ಬೀಳುವುದು ಇದಕ್ಕೇ, ಲಾರಿ ನೀರಿನಲ್ಲಿ ಓಡುವುದಿಲ್ಲ ಅಲ್ವಾ.

ದರ ತುಂಬಾ ಏರಿಸಿದರೆ ನಷ್ಟವೇ ಅನ್ನುವುದನ್ನು ನಮ್ಮ ದೇಶ ಆದಾಯ ತೆರಿಗೆಯಲ್ಲಿ ಮೊದಲು ಕಲಿಯಿತು. 1973-74ರಲ್ಲಿ ಅತಿ ಹೆಚ್ಚು ಆದಾಯದವರ ಕೊನೆಯ ಹಂತದ ದರ ಸರ್‌ಚಾರ್ಜ್ ಸೇರಿ ಶೇ 97.75 ಇತ್ತು. ನೂರು ರೂಪಾಯಿ ಹೆಚ್ಚು ದುಡಿದರೆ ಕೈಗೆ ಎರಡೂಕಾಲು ರೂಪಾಯಿ. ಆದಾಯವನ್ನು ಲೆಕ್ಕದಲ್ಲಿ ತೋರಿಸುವವರು ಯಾರು? 1985ರ ಹೊತ್ತಿಗೆ ಅದು ಶೇ 50ಕ್ಕೆ, 1997ರಲ್ಲಿ ಶೇ 30ಕ್ಕೆ ಇಳಿಯಿತು.

ಅಂಗಡಿ ತೆರಿಗೆ ನಿಧಾನವಾಗಿ ಬದಲಾಯಿತು. ನನಗೆ ಹತ್ತಿರದಿಂದ ಗೊತ್ತಿರುವುದು ಈ ಭಾಗ, ಅಪ್ಪನ ದಿನಸಿ ಅಂಗಡಿಯ ಬಿಲ್ ಪುಸ್ತಕ ಬರೆದು ಬೆಳೆದವನು ನಾನು. 1957ರ ಕರ್ನಾಟಕ ಮಾರಾಟ ತೆರಿಗೆ ಕಾಯ್ದೆಯಲ್ಲಿ ಹೆಚ್ಚಿನ ವಸ್ತುಗಳಿಗೆ ಒಂದೇ ಕಡೆ ತೆರಿಗೆ ಬೀಳುತ್ತಿತ್ತು. ರಾಜ್ಯದೊಳಗೆ ಮೊದಲು ಮಾರುವ ಡೀಲರ್ ಕಟ್ಟಬೇಕು, ಆಮೇಲೆ ಎಷ್ಟು ಕೈ ಬದಲಾದರೂ ತೆರಿಗೆ ಇಲ್ಲ. ನೂರು ರೂಪಾಯಿ ಮಾಲಿನ ಪೂರ್ತಿ ತೆರಿಗೆ ಒಂದೇ ಬಿಲ್ಲಿನ ಮೇಲೆ ನಿಂತಿತ್ತು. ಆ ಒಂದು ಬಿಲ್ಲು ತಪ್ಪಿಸಿದರೆ ಎಲ್ಲವೂ ತಪ್ಪಿದಂತೆ.

ಗಡಿ ಜಿಲ್ಲೆಯಲ್ಲಿ ತಪ್ಪಿಸುವುದು ಸುಲಭ. ಕೋಲಾರದ ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು. ಒಂದೇ ವಸ್ತುವಿಗೆ ಮೂರು ರಾಜ್ಯದಲ್ಲಿ ಮೂರು ದರ. ಎಲ್ಲಿ ಕಡಿಮೆಯೋ ಅಲ್ಲಿ ಬಿಲ್ಲು ಹಾಕಿಸುವುದು, ಮಾಲು ಮಾತ್ರ ಬೇಕಾದ ಕಡೆ ಇಳಿಸುವುದು. ಅದನ್ನು ತಡೆಯಲು ನಂಗಲಿಯಂಥ ಕಡೆ ಚೆಕ್‌ಪೋಸ್ಟ್, ಅಲ್ಲಿ ಗಂಟೆಗಟ್ಟಲೆ ನಿಲ್ಲುವ ಲಾರಿಗಳು. ವ್ಯಾಪಾರ ತಮ್ಮ ಕಡೆ ಎಳೆಯಲು ರಾಜ್ಯಗಳು ಪೈಪೋಟಿಯಲ್ಲಿ ದರ ಇಳಿಸಿದವು. ಕೊನೆಗೆ 2000ದ ಜನವರಿಯಿಂದ ಒಂದು ಮಟ್ಟಕ್ಕಿಂತ ಕೆಳಗೆ ಯಾರೂ ಇಳಿಯಬಾರದು ಅಂತ ಎಲ್ಲ ರಾಜ್ಯಗಳು ಒಪ್ಪಿಕೊಳ್ಳಬೇಕಾಯಿತು.

2005ರ ಏಪ್ರಿಲ್ 1ರಂದು ಕರ್ನಾಟಕಕ್ಕೆ ವ್ಯಾಟ್ ಬಂತು. ಬಹುತೇಕ ಮಾಲು ಶೇ 4 ಅಥವಾ ಶೇ 12.5ರೊಳಗೆ ಸೇರಿತು. ನಿಜವಾದ ಬದಲಾವಣೆ ದರದಲ್ಲಿರಲಿಲ್ಲ. ಡೀಲರ್ ₹100ಕ್ಕೆ ಕೊಟ್ಟ ಮಾಲಿಗೆ ₹12.50 ಕಟ್ಟುತ್ತಾನೆ. ಅಂಗಡಿಯವನು ಅದನ್ನು ₹120ಕ್ಕೆ ಮಾರಿದರೆ ₹15 ತೆರಿಗೆ ಆಗುತ್ತದೆ, ಅದರಲ್ಲಿ ಮೊದಲು ಕೊಟ್ಟ ₹12.50 ಕಳೆದು ₹2.50 ಮಾತ್ರ ಕಟ್ಟುತ್ತಾನೆ. ಹಿಂದಿನ ಬಿಲ್ಲು ಇಲ್ಲದಿದ್ದರೆ ಕಳೆಯುವುದಕ್ಕೆ ಆಗುವುದಿಲ್ಲ. ಹಾಗಾಗಿ ಕೊಳ್ಳುವವನೇ ಬಿಲ್ಲು ಕೇಳತೊಡಗಿದ. ಅಪ್ಪ ಅಷ್ಟು ವರ್ಷದಲ್ಲಿ ಮೊದಲ ಸಲ ಹೋಲ್‌ಸೇಲ್‌ನವರ ಹತ್ತಿರ ಬಿಲ್ಲಿಗಾಗಿ ಜಗಳ ಆಡಿದ್ದು ಆಗಲೇ. ತಮಿಳುನಾಡು ವ್ಯಾಟ್‌ಗೆ ಬಂದಿದ್ದು 2007ರ ಜನವರಿಯಲ್ಲಿ. ಅಲ್ಲಿಯವರೆಗೆ ಗಡಿಯ ಈ ಕಡೆ ಹೊಸ ಪದ್ಧತಿ, ಆ ಕಡೆ ಹಳೆಯದು.

2017ರ ಜುಲೈ 1ರಂದು ಜಿಎಸ್‌ಟಿ ಬಂತು, ರಾಜ್ಯದ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. ಅದಕ್ಕೂ ಮೊದಲು, 2015ರಲ್ಲಿ ಕೇಂದ್ರದ ಆಗಿನ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ಅವರ ಸಮಿತಿ ಆಗಿನಷ್ಟೇ ಹಣ ಬರಬೇಕಾದರೆ ಸರಾಸರಿ ಶೇ 15ರಿಂದ 15.5 ಸಾಕು ಎಂದಿತ್ತು. ವಿನಾಯಿತಿ ಹೆಚ್ಚಿದಷ್ಟೂ ಉಳಿದವುಗಳ ದರ ಏರಿಸಬೇಕಾಗುತ್ತದೆ. ಬಂದಿದ್ದು ಶೇ 5, 12, 18, 28, ಮೇಲೆ ಸೆಸ್. ದರ ಜಾಸ್ತಿ ಆದಲ್ಲಿ ವಾದ ಹುಟ್ಟುತ್ತದೆ. 2020ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಪರೋಟ ರೊಟ್ಟಿಯೋ ಅಲ್ಲವೋ ಅನ್ನುವ ಪ್ರಶ್ನೆ ಬಂತು. ರೊಟ್ಟಿಗೆ ಶೇ 5, ಪರೋಟಕ್ಕೆ ಶೇ 18 ಅಂತ ಹೇಳಿದರು. ಹದಿಮೂರರ ಅಂತರ ಇಲ್ಲದಿದ್ದರೆ ಯಾರೂ ಅಲ್ಲಿಗೆ ಹೋಗುತ್ತಿರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಹಂತಗಳು ಮುಖ್ಯವಾಗಿ ಶೇ 5 ಮತ್ತು 18 ಆದವು, ಕೆಲವಕ್ಕೆ ಶೇ 40. ರೊಟ್ಟಿ, ಪರೋಟ ಎರಡಕ್ಕೂ ತೆರಿಗೆ ಹೋಯಿತು.

ಆದರೆ ಮದ್ಯ, ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಹೊರಗೇ ಉಳಿದವು. ಉಳಿದ ಬಹುಪಾಲು ಮಾಲಿನ ದರ ಕೇಂದ್ರ, ರಾಜ್ಯಗಳು ಸೇರಿ ಕೂರುವ ಜಿಎಸ್‌ಟಿ ಕೌನ್ಸಿಲ್‌ನಲ್ಲಿ ನಿರ್ಧಾರ ಆಗುತ್ತದೆ. ಹಣ ಕಡಿಮೆ ಬಿದ್ದಾಗ ರಾಜ್ಯ ತಾನೇ ಏರಿಸಬಹುದಾದ ದೊಡ್ಡ ತೆರಿಗೆಗಳು ಇವೇ. 2024ರ ಜೂನ್‌ನಲ್ಲಿ ಕರ್ನಾಟಕ ಡೀಸೆಲ್ ತೆರಿಗೆಯನ್ನು ಶೇ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ ಏರಿಸಿತು. ಆಂಧ್ರದಲ್ಲಿ ಶೇ 22.25, ಅದರ ಮೇಲೆ ಲೀಟರಿಗೆ ₹4, ಜೊತೆಗೆ ₹1 ರಸ್ತೆ ಸೆಸ್. ಬಾಗೇಪಲ್ಲಿಯ ಸಾಲು ಹುಟ್ಟುವುದು ಇಲ್ಲಿಂದ. ಅಂತರ ಒಂದು ರೂಪಾಯಿ ಇದ್ದರೆ ಯಾರೂ ಗಡಿ ನೋಡಿ ನಿಲ್ಲಿಸುವುದಿಲ್ಲ. ಐದು ರೂಪಾಯಿ ಇದ್ದರೆ, 300 ಲೀಟರ್ ಹಾಕಿಸುವ ಲಾರಿಗೆ ₹1,500 ಉಳಿತಾಯ.

ಈಗ ಟೊಮೇಟೊಗೆ ಬರೋಣ. ತಾಜಾ ಟೊಮೇಟೊಗೆ ಜಿಎಸ್‌ಟಿ ಇಲ್ಲ, ತರಕಾರಿ ಸಾಗಣೆಗೂ ಇಲ್ಲ. ಕೇಳುವುದಕ್ಕೆ ಚೆನ್ನಾಗಿದೆ. ಕೋಲಾರದ ಮಂಡಿಯಿಂದ 15 ಕೆ.ಜಿ.ಯ 800 ಬಾಕ್ಸ್, ಅಂದರೆ 12 ಟನ್, ದೆಹಲಿಗೆ ಹೊರಟಿದೆ ಅಂತ ಇಟ್ಟುಕೊಳ್ಳಿ. ದಾರಿಗೆ 500 ಲೀಟರ್ ಡೀಸೆಲ್ ಬೇಕು, ಕೇಂದ್ರ ಮತ್ತು ರಾಜ್ಯದ ತೆರಿಗೆ ಸೇರಿ ಲೀಟರಿಗೆ ₹25 ಅಂತ ಹಿಡಿಯೋಣ. ₹12,500 ಆಯಿತು. ಕೆ.ಜಿ.ಗೆ ಸುಮಾರು ಒಂದು ರೂಪಾಯಿ, ಬಾಕ್ಸಿಗೆ ಹದಿನೈದು ಹದಿನಾರು. ಡೀಸೆಲ್ ಜಿಎಸ್‌ಟಿಯಲ್ಲಿ ಇಲ್ಲ, ಹಾಗಾಗಿ ಈ ಹಣವನ್ನು ಯಾರೂ ಮುಂದಿನ ತೆರಿಗೆಯಲ್ಲಿ ಕಳೆಯಲಾರರು. ಸಾಗಣೆಗೆ ವಿನಾಯಿತಿ ಇರುವುದರಿಂದ ಟೈರಿಗೆ ಕೊಟ್ಟ ಜಿಎಸ್‌ಟಿಯೂ ಹಿಂದೆ ಬರುವುದಿಲ್ಲ. ರೈತ ಔಷಧಿಗೆ ಕೊಟ್ಟ ಶೇ 18, ಗೊಬ್ಬರಕ್ಕೆ ಕೊಟ್ಟ ಶೇ 5 ಕೂಡ ಹಾಗೇ ಒಳಗೆ ಸೇರುತ್ತವೆ. ಬಿಲ್ಲಿನಲ್ಲಿ ಸೊನ್ನೆ, ಬೆಲೆಯೊಳಗೆ ತೆರಿಗೆ.

ಅದನ್ನು ಕೊಡುವವರು ಯಾರು? ಮಾಲು ಕಡಿಮೆ ಇದ್ದಾಗ ದೆಹಲಿಯ ಗ್ರಾಹಕ ಕೊಡುತ್ತಾನೆ. ಮಾಲು ಸುರಿದಾಗ ಅಲ್ಲಿನ ವ್ಯಾಪಾರಿಗೆ ಬೇರೆ ಕಡೆಯ ಟೊಮೇಟೊ ಇರುತ್ತದೆ, ಅವನು ಒಂದು ರೂಪಾಯಿ ಜಾಸ್ತಿ ಕೊಡುವುದಿಲ್ಲ. ಬಾಡಿಗೆ ಕಳೆದು ಉಳಿದದ್ದೇ ಕೋಲಾರದ ರೇಟು. ಬಾಕ್ಸ್ ನೂರು ರೂಪಾಯಿಗೆ ಬಿದ್ದ ದಿನ ಆ ಹದಿನೈದು ರೂಪಾಯಿ ರೈತನದ್ದೇ.

ಹಾಗಂತ ಎಲ್ಲದರ ಮೇಲೂ ಸ್ವಲ್ಪ ಹಾಕಿಬಿಡಿ ಅನ್ನುವುದು ಅಷ್ಟು ಸುಲಭವಲ್ಲ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಾಕಿದ ಮೊಸರು, ಅಕ್ಕಿಗೆ ಶೇ 5 ಬಂದಾಗ ಮನೆಮನೆಗೆ ತಟ್ಟಿತು. ಬಡವರ ಖರ್ಚಿನಲ್ಲಿ ಊಟದ್ದೇ ದೊಡ್ಡ ಪಾಲು. ಅವರಿಗೆ ಹಣವಾಗಿ ಬೇರೆ ದಾರಿಯಲ್ಲಿ ವಾಪಸು ಕೊಡದೆ ಇಡ್ಲಿಗೂ ತೆರಿಗೆ ಹಾಕುವುದು ನನಗೆ ಒಪ್ಪಿಗೆ ಇಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಹೋದಾಗ ಇನ್ನೊಂದು ತೊಂದರೆ ಕಂಡಿತು. ಸರಕು ಮಾರುವವರಿಗೆ ವರ್ಷಕ್ಕೆ ₹40 ಲಕ್ಷ, ಸೇವೆ ಕೊಡುವವರಿಗೆ ₹20 ಲಕ್ಷ ದಾಟಿದರೆ ನೋಂದಣಿ ಬೇಕು. ತೆರಿಗೆ ಇಲ್ಲದ ಹಾಲು, ತರಕಾರಿ ಮಾರಿದವರಿಗೂ ಕಾಗದ ಬಂತು. ಅಂಗಡಿಗಳಲ್ಲಿ ‘ನಗದು ಮಾತ್ರ’ ಅನ್ನುವ ಬೋರ್ಡ್ ಬಂತು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿ ಅಂತ ಆಮೇಲೆ ಸರ್ಕಾರ ಹೇಳಿತು. ವ್ಯಾಪಾರಿಗಳಿಗೆ ಶೇ 1 ಕಟ್ಟಿ ಮುಗಿಸುವ ಕಾಂಪೊಸಿಷನ್ ದಾರಿ ಮೊದಲಿನಿಂದಲೂ ಇದೆ. ಅದನ್ನು ನೋಟಿಸಿಗೆ ಮುಂಚೆ ಯಾರಾದರೂ ಅಂಗಡಿಗೆ ಬಂದು ಹೇಳಿದ್ದರೆ ಅರ್ಧ ಗಲಾಟೆ ಇರುತ್ತಿರಲಿಲ್ಲ.

ಡೀಸೆಲ್ ಅನ್ನು ಜಿಎಸ್‌ಟಿಗೆ ತರುವ ಮಾತು 2021ರ ಸೆಪ್ಟೆಂಬರ್‌ನಲ್ಲಿ ಲಖನೌದ ಕೌನ್ಸಿಲ್ ಸಭೆಗೆ ಬಂದಿತ್ತು, ಈಗಲ್ಲ ಅಂತ ಬಿಟ್ಟರು. ಶೇ 18ರ ದರದಲ್ಲಿ ತಂದರೆ ರಾಜ್ಯದ ಪಾಲು ಶೇ 9. ಈಗಿನ ಶೇ 21.17 ಬಿಟ್ಟು ಅದನ್ನು ಒಪ್ಪಬೇಕಾದರೆ ಬೇರೆ ಕಡೆ ತೆರಿಗೆಯ ವ್ಯಾಪ್ತಿ ಹಿಗ್ಗಬೇಕು, ಇಲ್ಲವೇ ಕೇಂದ್ರ ನಷ್ಟ ತುಂಬಿಕೊಡಬೇಕು. ಇನ್ನೊಂದು ವಿಷಯ, ಡೀಸೆಲ್ ಜಿಎಸ್‌ಟಿಗೆ ಬಂದರೂ ತರಕಾರಿ ಸಾಗಣೆಯ ವಿನಾಯಿತಿ ಹಾಗೇ ಉಳಿದರೆ ಆ ಶೇ 18 ಟೊಮೇಟೊ ಬಾಕ್ಸಿನೊಳಗೇ ಕೂರುತ್ತದೆ. ಬಾಗೇಪಲ್ಲಿಯ ಸಾಲು ಕರಗುತ್ತದೆ, ಬಾಕ್ಸಿನ ಲೆಕ್ಕ ಹದಿನೈದರಿಂದ ಕೆಳಗೆ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ.