ಉಚಿತ ರಾಗ, ಮಾರಾಟದ ಗೇಮ್: ಪರವಾನಗಿ ಹೇಳುವುದೇನು?

ಉಚಿತವಾಗಿ ಸಿಗುವ ಚಿತ್ರ, ಸಂಗೀತ, ಕೋಡ್‌ಗಳನ್ನು ಬಳಸಿ ಗೇಮ್ ತಯಾರಿಸಿ ಮಾರುವವರು ಪರವಾನಗಿಯಲ್ಲಿ ಸಾಮಾನ್ಯವಾಗಿ ಹುಡುಕುವುದು NC ಎಂಬ ಎರಡು ಅಕ್ಷರಗಳನ್ನು ಮಾತ್ರ. ಅವು ಇದ್ದರೆ ವಾಣಿಜ್ಯ ಬಳಕೆ ಸಲ್ಲದು ಎಂಬುದು ನಿಜ. ಆದರೆ ಅವು ಇಲ್ಲವೆಂದ ಮಾತ್ರಕ್ಕೆ ದಾರಿ ಸಲೀಸಲ್ಲ, ಸಂಗೀತದ ವಿಷಯದಲ್ಲಂತೂ ಅಲ್ಲವೇ ಅಲ್ಲ.

ಕಾಡಿನಲ್ಲಿ ನಡೆಯುವ ಒಂದು ಪುಟ್ಟ ಗೇಮ್‌ಗೆ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ ರೂಪಿಸಿದ CC BY-ND 4.0 ಪರವಾನಗಿಯ ಎರಡು ನಿಮಿಷದ ರಾಗವೊಂದು ಸಿಕ್ಕಿತೆನ್ನೋಣ. ND ಎಂದರೆ ಕೃತಿಯನ್ನು ಮಾರ್ಪಡಿಸಿ ಹಂಚುವಂತಿಲ್ಲ. ತಯಾರಕರು ರಾಗದ ಒಂದು ಸ್ವರವನ್ನೂ ಮುಟ್ಟದೆ, ಅದನ್ನು ಇದ್ದಂತೆಯೇ ಗೇಮ್‌ನ ಪ್ರಚಾರದ ವಿಡಿಯೊಗೆ ಹೊಂದಿಸುತ್ತಾರೆ. ಷರತ್ತು ಮುರಿಯುವುದು ಅಲ್ಲಿಯೇ. ಚಲಿಸುವ ದೃಶ್ಯದೊಂದಿಗೆ ಸಂಗೀತವನ್ನು ಕಾಲಕ್ಕೆ ಸರಿಯಾಗಿ ಜೋಡಿಸಿದರೆ ಅದನ್ನು ಮಾರ್ಪಾಡೆಂದೇ ಪರಿಗಣಿಸಬೇಕು ಎಂದು ಆ ಪರವಾನಗಿಯ ವ್ಯಾಖ್ಯೆಯೇ ಹೇಳುತ್ತದೆ. ಅದೇ ರಾಗ CC BY-SA ಅಡಿಯಲ್ಲಿದ್ದರೆ ಜೋಡಿಸಬಹುದು, ಆದರೆ ಆ ವಿಡಿಯೊವನ್ನೂ ಅದೇ ಪರವಾನಗಿಯಡಿ ಹಂಚಬೇಕಾಗುತ್ತದೆ. ಈ ಹೊಣೆ ಇಡೀ ಗೇಮ್‌ಗೆ ಎಲ್ಲಿಯವರೆಗೆ ಹಬ್ಬುತ್ತದೆ ಎಂಬುದು ವಾದಕ್ಕೆ ಎಡೆಯಿರುವ ಪ್ರಶ್ನೆ. ಹೀಗಾಗಿ ಮಾರುವ ಗೇಮ್‌ಗೆ CC0 ಅಥವಾ CC BY ಸಂಗೀತವನ್ನೇ ಆರಿಸಿಕೊಳ್ಳುವುದು ಜಾಣತನವೆಂದು ನನಗನಿಸುತ್ತದೆ.

CC0 ಕೃತಿಗೆ ಹೆಸರು ಹಾಕುವ ಕಡ್ಡಾಯವಿಲ್ಲ. CC BY 4.0 ಆದರೆ ಕರ್ತೃವಿನ ಹೆಸರು, ಕೃತಿಸ್ವಾಮ್ಯದ ಸಾಲು, ಮೂಲದ ಕೊಂಡಿ ಇವೆಲ್ಲವನ್ನೂ ಅವರು ಕೊಟ್ಟಿರುವಂತೆಯೇ ಉಳಿಸಿಕೊಂಡು, ಪರವಾನಗಿಯ ಕೊಂಡಿಯನ್ನೂ ನಾವು ಮಾಡಿದ ಬದಲಾವಣೆಯನ್ನೂ ತಿಳಿಸಬೇಕು:

```
"ಕಾಡಿನ ರಾತ್ರಿ" © 2021 <ಸಂಗೀತಗಾರರ ಹೆಸರು>
ಮೂಲ: <ಪುಟದ ವಿಳಾಸ>
ಪರವಾನಗಿ: CC BY 4.0
https://creativecommons.org/licenses/by/4.0/
ಬದಲಾವಣೆ: 90 ಸೆಕೆಂಡಿಗೆ ಕತ್ತರಿಸಿ ಲೂಪ್ ಮಾಡಲಾಗಿದೆ
```

ಕೃತಿಯ ಶೀರ್ಷಿಕೆ 4.0 ಆವೃತ್ತಿಯಲ್ಲಿ ಕಡ್ಡಾಯವಲ್ಲ, ಆದರೆ ಅದು ಒದಗಿಸಲ್ಪಟ್ಟಿದ್ದರೆ 3.0ರಲ್ಲಿ ಹಾಕಲೇಬೇಕು, ಹಾಗಾಗಿ ಯಾವಾಗಲೂ ಬರೆದುಬಿಡುವುದೇ ಮೇಲು. ಈ ವಿವರ ಗೇಮ್‌ನೊಳಗಿನ ಕ್ರೆಡಿಟ್ಸ್ ಪರದೆಯಲ್ಲಿದ್ದರೆ ಸಾಕೆನಿಸಬಹುದು. ಆದರೆ ಪ್ರಚಾರದ ವಿಡಿಯೊ ಗೇಮ್ ಕೊಳ್ಳದವರನ್ನೂ ತಲುಪುವುದರಿಂದ ಅದರ ವಿವರಣೆಯಲ್ಲೂ ಇದೇ ಸಾಲುಗಳು ಬೇಕು.

ಕೋಡ್‌ನ ರೀತಿಯೇ ಬೇರೆ. MIT ಪರವಾನಗಿಯ ಲೈಬ್ರರಿ ಬಳಸಿದವರು “ಧನ್ಯವಾದಗಳು” ಎಂದು ಹೆಸರೊಂದನ್ನು ಬರೆದು ಮುಗಿಸುವಂತಿಲ್ಲ. ಕೃತಿಸ್ವಾಮ್ಯದ ಸಾಲಿನೊಂದಿಗೆ ಪರವಾನಗಿಯ ಪೂರ್ಣ ಪಠ್ಯವೇ ಗೇಮ್‌ನ ಪ್ರತಿಯೊಂದು ಪ್ರತಿಯ ಜೊತೆಗೂ ಹೋಗಬೇಕು. ಅಂಥ ಪಠ್ಯಗಳನ್ನೆಲ್ಲ LICENSES.txt ಎಂಬ ಒಂದು ಕಡತದಲ್ಲಿ ಇಡುವುದು ಸುಲಭ.

ಇನ್ನು, ಕೃತಿಯನ್ನು ಇಳಿಸಿಕೊಂಡ ದಿನವೇ ಅದರ ಪುಟದ ಪ್ರತಿಯನ್ನು ದಿನಾಂಕಸಹಿತ ಉಳಿಸಿಟ್ಟುಕೊಳ್ಳಬೇಕು. ಕರ್ತೃ ಮುಂದೆ ಆ ಪುಟವನ್ನು ಅಳಿಸಿದರೂ ಬೇರೆ ಪರವಾನಗಿ ಹಾಕಿದರೂ, ಮೊದಲು ಕೊಟ್ಟ CC ಪರವಾನಗಿಯನ್ನು, ಷರತ್ತು ಪಾಲಿಸುತ್ತಿರುವವರಿಂದ ಹಿಂಪಡೆಯಲಾಗದು. ಆದರೆ ಅದು ಕೊಟ್ಟದ್ದು ನಿಜವೆಂದು ತೋರಿಸಲು ಆಗ ನಮ್ಮ ಬಳಿ ಉಳಿಯುವುದು ಆ ಪ್ರತಿ ಮಾತ್ರ.