ಮಧ್ಯಾಹ್ನ ತಂದ ಕೇಕ್, ರಾತ್ರಿ ಬಂದ ವಾಂತಿ

ಮೇ ತಿಂಗಳ ಒಂದು ರಾತ್ರಿ, ಹನ್ನೊಂದು ದಾಟಿತ್ತು. ಒಂದೇ ಮನೆಯ ಮೂವರು ಮಕ್ಕಳನ್ನು ಕ್ಲಿನಿಕ್‌ಗೆ ಕರೆತಂದರು. ಮೂವರಿಗೂ ಬಿಡದ ವಾಂತಿ, ಹೊಟ್ಟೆ ಹಿಂಡುವ ನೋವು. ಜ್ವರ ಇರಲಿಲ್ಲ.

"ಬರ್ತ್‌ಡೇ ಇತ್ತು ಡಾಕ್ಟ್ರೇ. ಬೋಂಡಾ ಎಣ್ಣೆನೇ ಸರಿ ಇರಲಿಲ್ಲ ಅನ್ಸುತ್ತೆ" ಅಂದರು ಅಜ್ಜಿ.

ನಾನು ಕ್ರೀಮ್ ಕೇಕಿನ ಬಗ್ಗೆ ಕೇಳಿದೆ. ಬೇಕರಿಯಿಂದ ತಂದಿದ್ದು ಮಧ್ಯಾಹ್ನ ಒಂದಕ್ಕೆ. ಫ್ರಿಜ್‌ನಲ್ಲಿ ಜಾಗ ಇಲ್ಲ ಅಂತ ಡಬ್ಬವನ್ನು ಟಿವಿ ಪಕ್ಕ ಇಟ್ಟಿದ್ದರು. ಕತ್ತರಿಸಿದ್ದು ರಾತ್ರಿ ಎಂಟಕ್ಕೆ. ವಾಂತಿ ಶುರುವಾಗಿದ್ದು ಹತ್ತೂವರೆಗೆ. ಅಜ್ಜಿ ಬೋಂಡಾ ತಿಂದಿದ್ದರು, ಮೊಟ್ಟೆ ಇದೆ ಅಂತ ಕೇಕ್ ಮುಟ್ಟಿರಲಿಲ್ಲ. ಅವರು ಆರಾಮಾಗಿದ್ದರು!

ಕೇಕನ್ನು ಲ್ಯಾಬಿಗೆ ಕಳಿಸಲಿಲ್ಲ, ಆದರೆ ಈ ಲೆಕ್ಕ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾಕ್ಕೆ ಸರಿಯಾಗಿ ಹೊಂದುತ್ತದೆ. ತಿಂದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ, ಒಂದು ದಿನದಲ್ಲಿ ಕಡಿಮೆ. ಇದು ಆರೋಗ್ಯವಂತರ ಮೂಗಲ್ಲೂ ಚರ್ಮದ ಮೇಲೂ ಸುಮ್ನೆ ಇರುತ್ತದೆ. ಕೈಯಲ್ಲಿ ಗಾಯ ಇದ್ದರಂತೂ ಜಾಸ್ತಿ.

ಕೇಕ್, ಪಫ್‌ಗೆ ತುಂಬುವ ಕಸ್ಟರ್ಡ್ ಕ್ರೀಮನ್ನು ಕುದಿಸಿರ್ತಾರಲ್ಲ, ಕ್ರಿಮಿ ಎಲ್ಲಿಂದ ಬರುತ್ತೆ ಅಂತ ನೀವು ಕೇಳಬಹುದು. ತೊಂದರೆ ಅದರ ನಂತರ. ಕುದಿಸಿದಾಗ ಹಾಲಿನಲ್ಲಿದ್ದ ಬೇರೆ ಕ್ರಿಮಿಗಳೂ ಸಾಯುತ್ತವೆ. ಆಮೇಲೆ ಅದನ್ನು ಆರಿಸಿ, ಕೋನ್‌ಗೆ ತುಂಬಿ, ಕೇಕ್, ಪಫ್‌ನೊಳಗೆ ಒತ್ತುವುದು ಕೈಯಿಂದಲೇ. ಆಗ ಸೇರಿದ ಸ್ಟ್ಯಾಫಿಲೊಕಾಕಸ್‌ಗೆ ಪೈಪೋಟಿಯೇ ಇಲ್ಲ. ಹಾಲು, ಮೊಟ್ಟೆ, ಬೇಸಿಗೆಯ ಬಿಸಿ, ಇನ್ನೇನು ಬೇಕು? ಸಕ್ಕರೆಯನ್ನೂ ಇದು ಬೇರೆ ಕ್ರಿಮಿಗಳಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಬೆಳೆಯುತ್ತಾ ಕ್ರೀಮಿನಲ್ಲೇ ವಿಷ ಬಿಡುತ್ತದೆ. ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗುವುದಿಲ್ಲ. ಹುಳಿ ಬಂದಿಲ್ಲ, ಹಾಗಾಗಿ ಚೆನ್ನಾಗಿದೆ ಅನ್ನುವ ನಮ್ಮ ಹಳೇ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ.

ಆ ಮಕ್ಕಳಿಗೆ ಆ್ಯಂಟಿಬಯಾಟಿಕ್ ಕೊಡಲಿಲ್ಲ. ಕಾಯಿಲೆ ತರುವುದು ಆಗಲೇ ತಯಾರಾಗಿರುವ ವಿಷ, ಔಷಧಿ ಕೊಲ್ಲುವುದು ಕ್ರಿಮಿಯನ್ನು. ಓಆರ್‌ಎಸ್ ನೀರನ್ನು ಎರಡೆರಡು ನಿಮಿಷಕ್ಕೆ ಒಂದು ಚಮಚ ಕುಡಿಸಿದೆವು. ಒಮ್ಮೆಗೇ ಲೋಟಗಟ್ಟಲೆ ಕುಡಿಸಿದರೆ ಅದೂ ವಾಂತಿಯಾಗುತ್ತೆ. ಮಗು ಮಂಕಾದರೆ, ಆರೆಂಟು ಗಂಟೆ ಮೂತ್ರ ಮಾಡದಿದ್ದರೆ ಡ್ರಿಪ್ ಬೇಕಾಗಬಹುದು. ಇವರಿಗೆ ಬೇಕಾಗಲಿಲ್ಲ.

ಹೊರಡುವಾಗ ಅಪ್ಪ ಕೇಳಿದರು, "ಉಳಿದ ಅರ್ಧ ಕೇಕ್ ಈಗ ಫ್ರಿಜ್‌ನಲ್ಲಿದೆ. ನಾಳೆ ತಿನ್ನಬಹುದಲ್ವಾ?" ಬೇಡ ಅಂದೆ. ಫ್ರಿಜ್ ಹೊಸ ವಿಷ ಆಗದಂತೆ ತಡೆಯುತ್ತದೆ, ಆಗಿರುವುದನ್ನು ತೆಗೆಯುವುದಿಲ್ಲ. ಈ ವಿಷ ಕುದಿಸಿದರೂ ಹೋಗುವುದಿಲ್ಲ.

ಕ್ರೀಮ್, ಕಸ್ಟರ್ಡ್ ಇರುವುದನ್ನು ಫ್ರಿಜ್‌ನಿಂದ ಹೊರಗೆ ಇಡಬಹುದಾದದ್ದು ಹೆಚ್ಚೆಂದರೆ ಎರಡು ಗಂಟೆ. 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಬೇಕರಿಯಿಂದ ಮನೆಗೆ ತರುವ ಹೊತ್ತೂ ಇದರಲ್ಲೇ ಸೇರಿತು. ಕ್ರೀಮ್ ಇಲ್ಲದ ಪ್ಲಮ್ ಕೇಕಿಗೆ, ಬೆಣ್ಣೆ ಬಿಸ್ಕತ್ತಿಗೆ ಈ ಕಾಟ ಇಲ್ಲ. ಫ್ರಿಜ್ ತುಂಬಿದ್ದರೆ ನೀರಿನ ಬಾಟಲಿಗಳನ್ನು ಹೊರಗೆ ತೆಗೆದು ಕೇಕಿಗೆ ಜಾಗ ಮಾಡಿ. ಇಲ್ಲ ಅಂದ್ರೆ ಸಂಜೆ ಏಳಕ್ಕೆ ಬಂದು ಒಯ್ತೀವಿ, ಅಲ್ಲೀವರೆಗೂ ನಿಮ್ಮ ಫ್ರಿಜ್‌ನಲ್ಲೇ ಇರಲಿ ಅಂತ ಬೇಕರಿಯವರಿಗೆ ಹೇಳಿ.