ದೇವಿ ಒಬ್ಬಳೋ, ಮೂವರೋ, ಒಂಬತ್ತು ಮಂದಿಯೋ?

ಓದುಗರ ಪ್ರಶ್ನೆ: ಕುದ್ರೋಳಿಯಲ್ಲಿ ದಸರಾಕ್ಕೆ ಒಂಬತ್ತು ದುರ್ಗೆಯರನ್ನು ಸಾಲಾಗಿ ಕೂರಿಸುತ್ತಾರೆ. ಕೊಲ್ಲೂರಿಗೆ ಹೋದರೆ ಮಹಾಕಾಳಿ, ಮಹಾಲಕ್ಷ್ಮಿ, ಮಹಾಸರಸ್ವತಿ ಎಂದು ಮೂವರ ಲೆಕ್ಕ. ನಮ್ಮ ಮನೆಗೆ ಚಂಡಿಕಾಹೋಮಕ್ಕೆ ಬಂದ ಭಟ್ರು ದೇವಿ ಒಬ್ಬಳೇ ಅಂದರು. ಯಾವುದು ಸರಿ?

ಮೂರೂ ಸರಿ. ಆದರೆ ಮೂರೂ ಒಂದೇ ಜಾಗದಿಂದ ಬಂದದ್ದಲ್ಲ. ನಿಮ್ಮ ಮನೆಯ ಹೋಮದಲ್ಲಿ ಭಟ್ರು ಓದಿದ ಸಪ್ತಶತಿಯನ್ನೇ ಹಿಡಿದು ನೋಡೋಣ. ಅದು ಮಾರ್ಕಂಡೇಯ ಪುರಾಣದ ಒಂದು ಭಾಗ. ಒಟ್ಟು 13 ಅಧ್ಯಾಯ, 700 ಮಂತ್ರ. ನಿಜವಾಗಿ ಶ್ಲೋಕಗಳು 600ಕ್ಕೂ ಕಡಿಮೆ ಇವೆ. ‘ಋಷಿರುವಾಚ’ ಎನ್ನುವಂಥ ಮಾತನ್ನೂ ಒಂದು ಮಂತ್ರವಾಗಿ ಎಣಿಸುತ್ತಾರೆ. ಅದಕ್ಕೇ ಅಷ್ಟು ಚಿಕ್ಕ ಮಾತಿಗೂ ‘ಸ್ವಾಹಾ’ ಎಂದು ಒಂದು ಸವಟು ಪಾಯಸ ಬೆಂಕಿಗೆ ಬೀಳುವುದು.

ಶೈಲಪುತ್ರಿಯಿಂದ ಸಿದ್ಧಿದಾತ್ರಿಯವರೆಗಿನ ಒಂಬತ್ತು ಹೆಸರುಗಳ ಪಟ್ಟಿ ಈ 13 ಅಧ್ಯಾಯಗಳಲ್ಲಿ ಸಿಗುವುದಿಲ್ಲ. ಅದು ಇರುವುದು ದೇವೀ ಕವಚದಲ್ಲಿ, ಅಂದರೆ ಪಾರಾಯಣಕ್ಕೆ ಮೊದಲು ಹೇಳುವ ರಕ್ಷಣೆಯ ಸ್ತೋತ್ರದಲ್ಲಿ. ಅಲ್ಲಿ ಹೆಸರುಗಳು ಸಾಲಾಗಿ ಬರುತ್ತವೆ ಅಷ್ಟೆ, ಒಬ್ಬೊಬ್ಬರ ಕಥೆ ಇಲ್ಲ. ಒಂಬತ್ತು ರಾತ್ರಿಗಳಿಗೆ ಆ ಒಂಬತ್ತು ಹೆಸರು ಚೆನ್ನಾಗಿ ಹೊಂದಿಕೊಂಡಿತು. (ದಿನಕ್ಕೊಂದು ಬಣ್ಣದ ಸೀರೆ ಮಾತ್ರ ಕವಚದಲ್ಲೂ ಇಲ್ಲ, ಸಪ್ತಶತಿಯಲ್ಲೂ ಇಲ್ಲ. ಉಡಬಾರದು ಅಂತ ಹೇಳ್ತಾ ಇಲ್ಲ.)

ಮೂರರ ಲೆಕ್ಕ ಕಥೆಯ ಕಟ್ಟಿನಲ್ಲೇ ಇದೆ. ಮೊದಲ ಅಧ್ಯಾಯ ಮಹಾಕಾಳಿಯದು, 2ರಿಂದ 4 ಮಹಾಲಕ್ಷ್ಮಿಯದು, 5ರಿಂದ 13 ಮಹಾಸರಸ್ವತಿಯದು ಎಂದು ಪಾರಾಯಣದಲ್ಲಿ ಭಾಗ ಮಾಡುತ್ತಾರೆ. ಕೊಲ್ಲೂರಿನ ಲಿಂಗದ ಮೇಲೆ ಚಿನ್ನದ ಗೆರೆಯಿದೆ. ಅದರ ಒಂದು ಬದಿಯಲ್ಲಿ ತ್ರಿಮೂರ್ತಿಗಳು, ಇನ್ನೊಂದು ಬದಿಯಲ್ಲಿ ಈ ಮೂವರು ಎಂಬ ನಂಬಿಕೆ.

ಮೊದಲ ಕಥೆಯಲ್ಲಿ ದೇವಿ ಯುದ್ಧವನ್ನೇ ಮಾಡುವುದಿಲ್ಲ. ಅವಳು ವಿಷ್ಣುವಿನ ಕಣ್ಣಿನಲ್ಲಿ ನಿದ್ದೆಯಾಗಿ ಕೂತಿದ್ದಾಳೆ. ಮಧು ಕೈಟಭರು ಮೇಲೆ ಬಿದ್ದಾಗ ಬ್ರಹ್ಮ ಬೇಡುವುದು ಅವಳನ್ನು. ಅವಳು ಎದ್ದು ಹೊರಟ ಮೇಲಷ್ಟೇ ವಿಷ್ಣುವಿಗೆ ಎಚ್ಚರ. ಎರಡನೆಯದರಲ್ಲಿ ಮಹಿಷಾಸುರನಿಗೆ ಸೋತ ದೇವತೆಗಳ ತೇಜಸ್ಸೆಲ್ಲ ಒಟ್ಟುಗೂಡಿ ಅವಳ ರೂಪವಾಗುತ್ತದೆ. ಶಿವ ತ್ರಿಶೂಲ ಕೊಡುತ್ತಾನೆ, ವಿಷ್ಣು ಚಕ್ರ, ಹಿಮವಂತ ಸಿಂಹ. ನಮ್ಮ ಕಡೆ ಬಯಲಾಟ ನೋಡಿದವರಿಗೆ ಈ ಕಥೆ ಹೇಳಬೇಕಾಗಿಲ್ಲ. ದೊಂದಿ ಬೆಳಕಿನಲ್ಲಿ, ಜನರ ನಡುವಿನಿಂದಲೇ ಕೂಗುತ್ತಾ ಮಹಿಷ ನುಗ್ಗುವಾಗ ತೂಕಡಿಸುತ್ತಿದ್ದ ಮಕ್ಕಳೂ ಎದ್ದು ಕೂರುತ್ತಾರೆ.

ಇಲ್ಲೊಂದು ಅನುಮಾನ ಬರುತ್ತದೆ ಅಲ್ವಾ? ತೇಜಸ್ಸು ದೇವತೆಗಳದ್ದು, ಆಯುಧವೂ ಅವರದ್ದೇ. ಹಾಗಾದರೆ ಅವಳದ್ದು ಎರವಲು ಶಕ್ತಿಯೇ?

ಈ ಪ್ರಶ್ನೆಯನ್ನು ಕೇಳುವವನು ಅಸುರರ ರಾಜ ಶುಂಭ. ಮೂರನೇ ಕಥೆಯಲ್ಲಿ ದೇವಿಯ ಪಕ್ಕ ದೊಡ್ಡ ಪಡೆಯೇ ನಿಂತಿರುತ್ತದೆ. ಬ್ರಹ್ಮಾಣಿ, ಮಾಹೇಶ್ವರಿ, ಕೌಮಾರಿ, ವೈಷ್ಣವಿ, ವಾರಾಹಿ, ನಾರಸಿಂಹಿ, ಐಂದ್ರಿ. ರಕ್ತಬೀಜನ ಒಂದೊಂದು ಹನಿ ನೆತ್ತರಿನಿಂದ ಒಬ್ಬೊಬ್ಬ ಅಸುರ ಏಳುವಾಗ, ನೆಲಕ್ಕೆ ಬೀಳುವ ಮೊದಲೇ ಅದನ್ನು ಕುಡಿಯುವುದು ಕಾಳಿ. ತಮ್ಮ ನಿಶುಂಭನೂ ಸತ್ತ ಮೇಲೆ, 10ನೇ ಅಧ್ಯಾಯದಲ್ಲಿ ಶುಂಭ ಹಂಗಿಸುತ್ತಾನೆ: ಬೇರೆಯವರ ಬಲದಲ್ಲಿ ಹೋರಾಡಿ ಇಷ್ಟು ಗರ್ವವೇ? ಅದಕ್ಕೆ ಅವಳು, ಈ ಲೋಕದಲ್ಲಿ ಇರುವುದು ನಾನೊಬ್ಬಳೇ, ನನ್ನ ಬಿಟ್ಟು ಎರಡನೆಯವಳು ಯಾರು, ಇವರೆಲ್ಲ ನನ್ನೊಳಗೆ ಸೇರುವುದನ್ನು ನೋಡು ಅನ್ನುತ್ತಾಳೆ. ಅಷ್ಟೂ ಮಂದಿ ಅವಳ ಮೈಯಲ್ಲಿ ಸೇರಿಹೋಗುತ್ತಾರೆ. ಆಮೇಲಿನದು ಇಬ್ಬರದೇ ಕಾಳಗ. ನಿಮ್ಮ ಭಟ್ರು ಹೇಳಿದ್ದು ಈ ಜಾಗದ ಮಾತು. ಇಲ್ಲಿಂದ ಹಿಂದಕ್ಕೆ ನೋಡಿದರೆ ದೇವತೆಗಳು ತಮ್ಮದೆಂದು ಕೊಟ್ಟ ತೇಜಸ್ಸೂ ಮೊದಲೇ ಅವಳದ್ದು.

ನನಗೆ ಜಾಸ್ತಿ ಹಿಡಿಸುವುದು 5ನೇ ಅಧ್ಯಾಯ. ‘ಯಾ ದೇವೀ ಸರ್ವಭೂತೇಷು’ ಎಂದು ದೇವತೆಗಳು ಹೊಗಳುವ ಭಾಗ. ಎಲ್ಲ ಜೀವಿಗಳಲ್ಲಿ ಬುದ್ಧಿಯಾಗಿ, ಶಕ್ತಿಯಾಗಿ, ತಾಯಿಯಾಗಿ ಇರುವವಳು ಎಂದಷ್ಟೇ ಹೇಳಿ ಅವರು ನಿಲ್ಲಿಸುವುದಿಲ್ಲ. ಹಸಿವಾಗಿ, ನಿದ್ದೆಯಾಗಿ, ನಾಚಿಕೆಯಾಗಿ, ಕೊನೆಗೆ ಭ್ರಾಂತಿಯಾಗಿಯೂ ಇರುವವಳು ಎಂದು ಕೈಮುಗಿಯುತ್ತಾರೆ. ಶಕ್ತಿ ಅಂದರೆ ಬರೀ ಅಸುರರನ್ನು ಕೊಲ್ಲುವ ಬಲ ಅಂತ ತಿಳಿದರೆ ಈ ಪಟ್ಟಿ ಅರ್ಥವಾಗುವುದಿಲ್ಲ.

ಮುಂದಿನ ಸಲ ಹೋಮಕ್ಕೆ ಕೂತಾಗ ಗಮನಿಸಿ. ಒಂಬತ್ತು ಹೆಸರು ಬೇಕಿದ್ದರೆ ಮೊದಲು ಕವಚ ಹೇಳುವಾಗಲೇ ಹಾಜರಿರಬೇಕು. ಪೂರ್ಣಾಹುತಿ ಹೊತ್ತಿಗೆ ಬಂದರೆ ಪಾಯಸ ಸಿಗಬಹುದು, ಶೈಲಪುತ್ರಿ ಸಿಗುವುದಿಲ್ಲ.